ಮೀಟರ್ ಜೋರಾಗಿ ಓಡಿದಾಗ

2023ರ ಜೂನ್‌ನಲ್ಲಿ ಕೊಪ್ಪಳದ ಭಾಗ್ಯನಗರದಲ್ಲಿ ಎರಡು ಬಲ್ಬು ಉರಿಯುವ ಪುಟ್ಟ ಮನೆಯ ವೃದ್ಧೆಯೊಬ್ಬರಿಗೆ ಜೆಸ್ಕಾಂನಿಂದ ಒಂದು ಲಕ್ಷ ರೂಪಾಯಿಗೂ ಮೀರಿದ ಬಿಲ್ಲು ಬಂತು. ಸುದ್ದಿ ರಾಜ್ಯವಿಡೀ ಹರಡಿತು, ಆ ಹಣ ಕಟ್ಟಬೇಕಿಲ್ಲವೆಂದು ಇಂಧನ ಸಚಿವರೇ ಹೇಳಿದರು. ಅಂಥ ತಪ್ಪು ಯಾರ ಕಣ್ಣಿಗಾದರೂ ಬೀಳುತ್ತದೆ. ಮೀಟರ್ ಶೇಕಡಾ 25ರಷ್ಟು ಜೋರಾಗಿ ಓಡಿದರೆ ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ. ಮನೆಯವರು ತಿಂಗಳುಗಟ್ಟಲೆ ಕಟ್ಟುತ್ತಲೇ ಇರುತ್ತಾರೆ.

ಅನುಮಾನ ಬಂದಾಗ ಹಿಂದಿನ ತಿಂಗಳ ಬಿಲ್ಲಿಗಲ್ಲ, ಹಿಂದಿನ ವರ್ಷದ ಅದೇ ತಿಂಗಳ ಬಿಲ್ಲಿಗೆ ಹೋಲಿಸಿ ನೋಡಬೇಕು. ಕಲಬುರಗಿಯ ಬೇಸಿಗೆಯಲ್ಲಿ 200 ವ್ಯಾಟ್‌ನ ಕೂಲರ್ ದಿನಕ್ಕೆ 12 ತಾಸು ತಿರುಗಿದರೆ ತಿಂಗಳಿಗೆ 72 ಯೂನಿಟ್ ಅದೊಂದಕ್ಕೇ ಹೋಗುತ್ತದೆ. ಬಿಲ್ಲಿನ ಮೇಲಿನ ರೀಡಿಂಗೂ ಮೀಟರಿನ ಪರದೆಯ ಅಂಕಿಯೂ ತಾಳೆಯಾಗುತ್ತವೆಯೇ ಎಂದೂ ನೋಡಿ. ಓದಿದವರ ತಪ್ಪಾಗಿದ್ದರೆ ಒಂದು ಫೋಟೊದಲ್ಲೇ ವಿಷಯ ಮುಗಿಯುತ್ತದೆ.

ರೀಡಿಂಗ್ ಸರಿಯಿದ್ದರೆ ಮೀಟರಿನ ನಂತರದ ಮೇನ್ ಸ್ವಿಚ್ ಆಫ್ ಮಾಡಿ. ಮೀಟರಿನ ಕೆಂಪು ದೀಪ ಆಗಲೂ ಮಿನುಗುತ್ತಿದ್ದರೆ ದೋಷ ಮನೆಯ ವೈರಿಂಗಿನದಲ್ಲ. ಮೀಟರಿನದಿರಬಹುದು, ಅಥವಾ ಸ್ವಿಚ್ಚಿಗೂ ಮುಂಚೆ ಬೇರೆಲ್ಲಿಗೋ ಕರೆಂಟು ಹೋಗುತ್ತಿರಬಹುದು. ಮೇನ್ ಆನ್ ಇದ್ದು, ಮನೆಯ ಪ್ರತಿಯೊಂದು ಸಾಮಾನನ್ನೂ ಬಂದ್ ಮಾಡಿದ ಮೇಲೂ ದೀಪ ಮಿನುಗುತ್ತಿದ್ದು, ಮೇನ್ ಆಫ್ ಮಾಡಿದೊಡನೆ ನಿಂತರೆ ಒಳಗೆಲ್ಲೋ ಸೋರಿಕೆಯಿದೆ. ಅದಕ್ಕೆ ಎಲೆಕ್ಟ್ರಿಷಿಯನ್ ಬೇಕು, ದೂರಿನಿಂದ ಉಪಯೋಗವಿಲ್ಲ.

ಮುಂದಿನದು ಎಣಿಕೆ. ಮೀಟರಿನ ಮುಖದ ಮೇಲೆ 3200 imp/kWh ಎಂದಿದ್ದರೆ ಒಂದು ಯೂನಿಟ್‌ಗೆ ದೀಪ 3200 ಸಲ ಮಿನುಗುತ್ತದೆ. ಬೇರೆಲ್ಲವನ್ನೂ ಬಂದ್ ಮಾಡಿ 1000 ವ್ಯಾಟ್‌ನ ನೀರು ಕಾಯಿಸುವ ಹೀಟರ್ ಒಂದನ್ನೇ ಹಚ್ಚಿದರೆ 3 ನಿಮಿಷಕ್ಕೆ 160 ಮಿನುಗು ಬರಬೇಕು. 200 ಬಂದರೆ ಮೀಟರ್ ಶೇಕಡಾ 25 ಜೋರಾಗಿದೆ ಎಂದು ಅನುಮಾನಿಸಬಹುದು. ಈ ಲೆಕ್ಕ 230 ವೋಲ್ಟ್‌ಗೆ ಮಾತ್ರ. ವೋಲ್ಟೇಜ್ 200ಕ್ಕೆ ಇಳಿದರೆ ಅದೇ ಹೀಟರ್ ಎಳೆಯುವುದು ಸುಮಾರು 755 ವ್ಯಾಟ್, ಮಿನುಗು 120ರ ಆಸುಪಾಸು. ಹಾಗಾಗಿ ಐದು, ಹತ್ತು ಪರ್ಸೆಂಟಿನ ವ್ಯತ್ಯಾಸವನ್ನು ಈ ಎಣಿಕೆ ಹಿಡಿಯಲಾರದು. ದೊಡ್ಡ ತಪ್ಪನ್ನಷ್ಟೇ ತೋರಿಸುತ್ತದೆ.

ದೊಡ್ಡ ತಪ್ಪಿನ ನಿಜವಾದ ಪೆಟ್ಟು ಗೃಹಜ್ಯೋತಿಯಲ್ಲಿದೆ. ಕಮಲಾಪುರದ ಒಂದು ಮನೆ ಎಂದಿಟ್ಟುಕೊಳ್ಳೋಣ. 2022-23ರ ಸರಾಸರಿ 150 ಯೂನಿಟ್, ಶೇಕಡಾ 10 ಸೇರಿ ಉಚಿತದ ಮಿತಿ 165. ಈ ತಿಂಗಳ ರೀಡಿಂಗ್ 225 ಬಂತು. 200 ದಾಟಿದ್ದರಿಂದ ಉಚಿತವೆಲ್ಲ ಹೋಗಿ, ಪೂರ್ತಿ 225 ಯೂನಿಟ್‌ಗೂ ಹಣ ಕಟ್ಟಬೇಕಾಯಿತು. ಮೀಟರ್ ಶೇಕಡಾ 25 ಜೋರಾಗಿದ್ದರೆ ನಿಜವಾದ ಬಳಕೆ 225ನ್ನು 1.25ರಿಂದ ಭಾಗಿಸಿದಷ್ಟು, ಅಂದರೆ 180. (ಬಹಳ ಜನ 225ರಲ್ಲಿ ಕಾಲು ಭಾಗ ಕಳೆದು 169 ಎಂದು ಬರೆಯುತ್ತಾರೆ, ಹಾಗೆ ಬರೆದ ಅರ್ಜಿ ಮೊದಲ ಮೇಜಿನಲ್ಲೇ ತಪ್ಪಾಗುತ್ತದೆ.) 180 ಎಂದಾದರೆ ಹಣ ಕೊಡಬೇಕಾದದ್ದು ಮಿತಿಗಿಂತ ಮೇಲಿನ 15 ಯೂನಿಟ್‌ಗಷ್ಟೇ. ಆದ್ದರಿಂದ ದೂರಿನಲ್ಲಿ ಯೂನಿಟ್ ತಗ್ಗಿಸಿ ಎಂದರೆ ಸಾಲದು. ತಪ್ಪಿದ ಗೃಹಜ್ಯೋತಿಯನ್ನು ಆ ತಿಂಗಳುಗಳಿಗೆ ಮತ್ತೆ ಸೇರಿಸಿ ಬಿಲ್ಲು ತಿದ್ದಿಕೊಡಿ ಎಂದೂ ಕೇಳಬೇಕು.

ದೂರನ್ನು 1912ಕ್ಕೆ ಹೇಳಿ ನಂಬರ್ ಪಡೆಯಿರಿ. ಅದರ ಜತೆಗೆ ಸೆಕ್ಷನ್ ಆಫೀಸಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಆರ್‌ಆರ್ ನಂಬರ್, ಮೀಟರ್ ಸೀರಿಯಲ್ ನಂಬರ್, ವರ್ಷದ ರೀಡಿಂಗ್‌ಗಳು ಮತ್ತು ನಿಮ್ಮ ಎಣಿಕೆಯ ಫಲಿತಾಂಶ ಅದರಲ್ಲಿರಲಿ. ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರ ಫೆಬ್ರುವರಿಯಲ್ಲಿ ಆದ ತಿದ್ದುಪಡಿಯಂತೆ, ರೀಡಿಂಗ್ ಬಳಕೆಗೆ ಹೊಂದುತ್ತಿಲ್ಲವೆಂಬ ದೂರು ಬಂದ 5 ದಿನದೊಳಗೆ ಇನ್ನೊಂದು ಮೀಟರ್ ಜೋಡಿಸಿ, ಕನಿಷ್ಠ 3 ತಿಂಗಳು ಎರಡನ್ನೂ ತಾಳೆ ನೋಡಬೇಕು. ಇದನ್ನು ಹೆಸರಿಸಿಯೇ ಕೇಳಿ. ಹಳೆಯ ಮೀಟರನ್ನು ಬಿಚ್ಚಿ ಒಯ್ಯುವುದಾದರೆ ಸೀಲ್ ಮಾಡಿಸಿ, ಅಂತಿಮ ರೀಡಿಂಗ್ ಬರೆಸಿಕೊಳ್ಳಿ. ಅದರ ನೆನಪಿನಲ್ಲಿ ತಿಂಗಳವಾರು ಬಳಕೆ ಉಳಿದಿರುತ್ತದೆ. ಜೋರು ಓಟ ಯಾವ ತಿಂಗಳು ಶುರುವಾಯಿತೆಂಬ ಸುಳಿವು ಅಲ್ಲಿಂದಲೇ ಸಿಗುವುದರಿಂದ ಆ ಮಾಹಿತಿಯ ಪ್ರತಿಯನ್ನೂ ಕೇಳಬೇಕು.

ಅಷ್ಟರಲ್ಲಿ ಲೈನ್ ಕಟ್ ಮಾಡುತ್ತಾರೆಂಬ ಭಯ ಸಹಜ. 2003ರ ವಿದ್ಯುತ್ ಕಾಯ್ದೆಯ 56ನೇ ಕಲಮಿನಂತೆ ಪೂರ್ತಿ 15 ದಿನದ ಲಿಖಿತ ನೋಟಿಸ್ ಕೊಡದೆ ಕಟ್ ಮಾಡುವಂತಿಲ್ಲ. ಬಿಲ್ಲಿನ ಮೊತ್ತ ಅಥವಾ ಹಿಂದಿನ 6 ತಿಂಗಳು ಕಟ್ಟಿದ್ದರ ಸರಾಸರಿ, ಇವೆರಡರಲ್ಲಿ ಕಡಿಮೆಯದನ್ನು ಆಕ್ಷೇಪಣೆಯೊಂದಿಗೆ ಕಟ್ಟಿದರೆ ವಿವಾದ ತೀರುವವರೆಗೆ ಸಂಪರ್ಕ ಉಳಿಯುತ್ತದೆ. ಆಕ್ಷೇಪಣೆಯನ್ನು ಪತ್ರದಲ್ಲಿ ಬರೆದೇ ಕಟ್ಟಿರಿ. ಸುಮ್ಮನೆ ಕಟ್ಟಿದರೆ ಬಿಲ್ಲನ್ನು ಒಪ್ಪಿಕೊಂಡಿದ್ದೀರಿ ಎಂಬ ವಾದಕ್ಕೆ ಎಡೆಯಾಗುತ್ತದೆ.

ಸೆಕ್ಷನ್ ಆಫೀಸು, ಅದರ ಮೇಲಿನ ಉಪವಿಭಾಗ ಎರಡೂ ಸುಮ್ಮನಿದ್ದರೆ ಮುಂದಿನ ಬಾಗಿಲು ಜೆಸ್ಕಾಂನ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ. ಅಲ್ಲೂ ನ್ಯಾಯ ಸಿಗದಿದ್ದರೆ ಬೆಂಗಳೂರಿನಲ್ಲಿರುವ ವಿದ್ಯುತ್ ಓಂಬುಡ್ಸ್‌ಮನ್‌ಗೆ ಮೇಲ್ಮನವಿ ಹಾಕಬಹುದು. ಹೆಚ್ಚಾಗಿ ವಸೂಲಾದ ಹಣವನ್ನು ಸಾಮಾನ್ಯವಾಗಿ ನಗದಾಗಿ ಕೊಡದೆ ಮುಂದಿನ ಬಿಲ್ಲುಗಳಲ್ಲಿ ಮುರಿದುಕೊಳ್ಳುತ್ತಾರೆ. ಆದೇಶದಲ್ಲಿರುವ ಮೊತ್ತ ಪೂರ್ತಿ ಜಮೆ ಆಗುವ ತನಕ ಪ್ರತಿ ಬಿಲ್ಲಿನ ಹೊಂದಾಣಿಕೆ ಸಾಲನ್ನು ಓದುತ್ತಿರಬೇಕು.