ಬಳ್ಳಾರಿ ರಸ್ತೆ ಅಗಲವಾಗಲು ಯಾರ್ಯಾರ ಒಪ್ಪಿಗೆ ಬೇಕು?

ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಹೊರಟವರಿಗೆ ಮೇಖ್ರಿ ವೃತ್ತ ಹೊಸದಲ್ಲ. ಕಾವೇರಿ ಜಂಕ್ಷನ್‌ನಿಂದ ಅಲ್ಲಿಯವರೆಗಿನ ಬಳ್ಳಾರಿ ರಸ್ತೆಯನ್ನೂ, ಅದೇ ವೃತ್ತದಿಂದ ದಂಡು ಪ್ರದೇಶದ ಕಡೆಗೆ ಹೋಗುವ ಜಯಮಹಲ್ ರಸ್ತೆಯನ್ನೂ ಅಗಲ ಮಾಡಬೇಕೆಂಬ ಮಾತು ಎರಡು ದಶಕಗಳ ಹತ್ತಿರಕ್ಕೆ ಬಂದಿದೆ. ನಕ್ಷೆ ಇದೆ, ವಾಹನಗಳಂತೂ ಬೇಕಾದಷ್ಟಿವೆ. ಆದರೂ ಕೆಲಸ ಕಗ್ಗಂಟಾಗಿದ್ದು ಎಂಜಿನಿಯರಿಂಗ್ ಕಾರಣಕ್ಕಲ್ಲ. ಜಾಗ ಕೊಡಬೇಕಾದವರ ಬಲವನ್ನು ಅಳೆದದ್ದರಲ್ಲಿ ಮತ್ತು ಹಾಗೆ ಅಳೆದ ಹೊತ್ತಿನಲ್ಲಿ ಲೆಕ್ಕ ತಪ್ಪಿತು.

ಇಂಥ ಅಳತೆಗೆ ಯೋಜನಾ ನಿರ್ವಹಣೆಯವರು ಬಳಸುವ ಸರಳ ಸಾಧನವೊಂದಿದೆ: ಬಲ ಮತ್ತು ಆಸಕ್ತಿಯ ಚೌಕ. ಒಂದು ಹಾಳೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಬಲ, ಎಡದಿಂದ ಬಲಕ್ಕೆ ಆಸಕ್ತಿ ಎಂದು ಎರಡು ಗೆರೆ ಎಳೆದು ನಾಲ್ಕು ಮನೆ ಮಾಡಿಕೊಳ್ಳುವುದು. ಬಲವೆಂದರೆ ಯೋಜನೆಯನ್ನು ನಿಲ್ಲಿಸುವ ಅಥವಾ ನಡೆಸುವ ತಾಕತ್ತು. ಆಸಕ್ತಿಯೆಂದರೆ ಇದರಿಂದ ಒಬ್ಬರಿಗೆ ಎಷ್ಟು ಲಾಭ ಅಥವಾ ನಷ್ಟ ಎಂಬುದು. ಕಾಲಿನ್ ಈಡನ್ ಮತ್ತು ಫ್ರಾನ್ ಅಕರ್‌ಮನ್ ಎಂಬ ವಿದ್ವಾಂಸರು 1998ರ ತಮ್ಮ ಪುಸ್ತಕದಲ್ಲಿ ಈ ನಾಲ್ಕು ಮನೆಗಳಿಗೆ ಹೆಸರನ್ನೂ ಕೊಟ್ಟರು. ಎರಡೂ ಹೆಚ್ಚಿರುವವರು ಆಟಗಾರರು. ಬಲವಿದ್ದೂ ಆಸಕ್ತಿ ಕಡಿಮೆ ಇರುವವರು ಸಂದರ್ಭ ರೂಪಿಸುವವರು. ಆಸಕ್ತಿ ಬಹಳವಿದ್ದು ಬಲವಿಲ್ಲದವರು ಅಧೀನರು. ಎರಡೂ ಇಲ್ಲದವರು ಗುಂಪು. ಮೊದಲಿನವರ ಜೊತೆ ಕೂತು ಮಾತಾಡಿ, ಎರಡನೆಯವರನ್ನು ಸಮಾಧಾನವಾಗಿಡಿ, ಮೂರನೆಯವರಿಗೆ ಮಾಹಿತಿ ಕೊಡುತ್ತಿರಿ, ನಾಲ್ಕನೆಯವರ ಮೇಲೆ ಒಂದು ಕಣ್ಣಿಡಿ ಎಂಬುದು ಈ ವಿದ್ಯೆಯ ಪಾಠ. ಇದು ಎಲ್ಲಿ ಸರಿ, ಎಲ್ಲಿ ಸಾಲದು ಎಂಬುದನ್ನು ಬಳ್ಳಾರಿ ರಸ್ತೆಯಷ್ಟು ಚೆನ್ನಾಗಿ ತೋರಿಸುವ ರಸ್ತೆ ಕರ್ನಾಟಕದಲ್ಲಿ ಇನ್ನೊಂದಿಲ್ಲ.

ಮೊದಲು ಆಟಗಾರರನ್ನು ನೋಡೋಣ. ಎರಡೂ ರಸ್ತೆಗಳ ಪಕ್ಕದ ಅರಮನೆ ಮೈದಾನವೇ ವಿಸ್ತರಣೆಗೆ ಬೇಕಾದ ಜಾಗ. 1996ರಲ್ಲಿ ರಾಜ್ಯ ಸರ್ಕಾರ ಕಾಯ್ದೆ ಮಾಡಿ 472 ಎಕರೆಗೂ ಹೆಚ್ಚಿನ ಅರಮನೆ ಆಸ್ತಿಯನ್ನು 11 ಕೋಟಿ ರೂಪಾಯಿ ಪರಿಹಾರಕ್ಕೆ ವಶಪಡಿಸಿಕೊಳ್ಳಲು ಹೊರಟಿತು. ಹೈಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಮೈಸೂರು ರಾಜಮನೆತನದವರು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಆ ಮೇಲ್ಮನವಿ ಇತ್ಯರ್ಥವಾಗದೆ ಉಳಿದಿರುವಾಗಲೇ ರಸ್ತೆ ಅಗಲೀಕರಣದ ಪ್ರಶ್ನೆ ಎದ್ದಿತು. ಸರ್ಕಾರದ ಕಣ್ಣಿಗೆ ಇದು ತನ್ನದೇ ಕಾಯ್ದೆಯ ಜಮೀನು. ವಾರಸುದಾರರ ಕಣ್ಣಿಗೆ ಇನ್ನೂ ತಮ್ಮದೇ ಸ್ವತ್ತು. ಇಬ್ಬರಿಗೂ ಬಲವಿದೆ, ಇಬ್ಬರಿಗೂ ಆಸಕ್ತಿ ಇದೆ. ಹಾಗಾಗಿ ನಕ್ಷೆಗೂ ಮೊದಲು ಇಬ್ಬರೂ ಒಂದೇ ಮೇಜಿಗೆ ಬಂದು, ಜಾಗದ ಬೆಲೆ ಕಟ್ಟುವ ಕ್ರಮವನ್ನು ಲಿಖಿತವಾಗಿ ಒಪ್ಪಿಕೊಳ್ಳಬೇಕಿತ್ತು.

ಆದದ್ದು ಬೇರೆ. 2014ರಲ್ಲಿ ಸುಪ್ರೀಂ ಕೋರ್ಟ್ ಅಗಲೀಕರಣಕ್ಕೆ ಜಾಗ ಬಳಸಿಕೊಳ್ಳಲು ದಾರಿ ಮಾಡಿಕೊಟ್ಟಿತು, ಪ್ರತಿಯಾಗಿ ಟಿಡಿಆರ್ ಕೊಡಬೇಕೆಂದಿತು. ಟಿಡಿಆರ್ ಎಂದರೆ ನಗದು ಪರಿಹಾರವಲ್ಲ, ಒಂದು ಪ್ರಮಾಣಪತ್ರ. ರಸ್ತೆಗೆ ಜಾಗ ಬಿಟ್ಟುಕೊಟ್ಟವರು ಅದರ ಬಲದ ಮೇಲೆ ನಗರದ ಬೇರೆಡೆ ನಿಯಮಕ್ಕಿಂತ ಹೆಚ್ಚು ಮಹಡಿ ಕಟ್ಟಬಹುದು, ಇಲ್ಲವೇ ಆ ಹಕ್ಕನ್ನು ಬಿಲ್ಡರ್‌ಗೆ ಮಾರಬಹುದು. ಖಜಾನೆಯಿಂದ ಕಾಸು ಹೋಗುವುದಿಲ್ಲವಾದ್ದರಿಂದ ಅಧಿಕಾರಿಗಳಿಗೆ ಇದು ಬಲು ಇಷ್ಟ. ಆದರೆ ಲೆಕ್ಕ ಯಾವ ದರದಲ್ಲಿ ಎಂಬುದು ತಕರಾರಾಗಿ ಬೆಳೆದು ನ್ಯಾಯಾಂಗ ನಿಂದನೆಯ ಅರ್ಜಿಯವರೆಗೆ ಹೋಯಿತು. 2024ರ ಡಿಸೆಂಬರಿನಲ್ಲಿ 15 ಎಕರೆ 39 ಗುಂಟೆಗೆ ಮಾರ್ಗಸೂಚಿ ದರದ ಪ್ರಕಾರ ಟಿಡಿಆರ್ ಕೊಡುವಂತೆ ಸುಪ್ರೀಂ ಕೋರ್ಟ್ ಹೇಳಿದಾಗ ಅದರ ಮೌಲ್ಯ ಸುಮಾರು 3 ಸಾವಿರ ಕೋಟಿ ರೂಪಾಯಿ ಮುಟ್ಟಿತು. 1996ರ ಲೆಕ್ಕದಲ್ಲಿ ಎಕರೆಗೆ ಎರಡು ಲಕ್ಷದ ಮೇಲೆ ಸ್ವಲ್ಪ, 2024ರ ಲೆಕ್ಕದಲ್ಲಿ ಎಕರೆಗೆ 180 ಕೋಟಿಗೂ ಮಿಕ್ಕಿ! 2025ರ ಜನವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ಆ ಜಾಗವನ್ನು ಬಳಸುವುದೋ ಬಿಡುವುದೋ ಎಂದು ತೀರ್ಮಾನಿಸುವ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡಿತು. ಬೆಲೆಯ ಮಾತನ್ನು ಕೊನೆಗೆ ಇಟ್ಟುಕೊಂಡದ್ದರಿಂದ ಆಟಗಾರರಿಬ್ಬರೂ ನ್ಯಾಯಾಲಯದಲ್ಲೇ ಎದುರುಬದುರಾದರು.

ಸಂದರ್ಭ ರೂಪಿಸುವವರ ಮನೆಯಲ್ಲಿ ಜಲಮಂಡಳಿ, ಬೆಸ್ಕಾಂ, ಸಂಚಾರ ಪೊಲೀಸ್, ಹಣಕಾಸು ಇಲಾಖೆ ಇರುತ್ತವೆ. ರಸ್ತೆ ಹತ್ತು ಅಡಿ ಅಗಲವಾದರೆ ಇವರ್ಯಾರೂ ಸಂಭ್ರಮಿಸುವುದಿಲ್ಲ, ಆಗದಿದ್ದರೆ ಅಳುವುದೂ ಇಲ್ಲ. ಆದರೆ ನೀರಿನ ಕೊಳವೆ ಮತ್ತು ವಿದ್ಯುತ್ ಕಂಬ ಸ್ಥಳಾಂತರಕ್ಕೆ ಹಣ ಕಟ್ಟದಿದ್ದರೆ ಅಗೆದ ಗುಂಡಿ ಹಾಗೇ ಬಾಯಿ ತೆರೆದುಕೊಂಡಿರುತ್ತದೆ. ಇವರಿಗೆ ಸಭೆ, ಭಾಷಣ ಬೇಡ. ಯಾವ ತಿಂಗಳಲ್ಲಿ ಎಲ್ಲಿ ಅಗೆಯುತ್ತೇವೆ, ದುಡ್ಡು ಯಾವ ತಲೆಬರಹದಲ್ಲಿ ಬರುತ್ತದೆ ಎಂಬ ಒಂದು ಪತ್ರ ಸಾಕು.

ಗುಂಪಿನ ಕಥೆ ಇದಕ್ಕಿಂತ ಸ್ವಾರಸ್ಯದ್ದು, ಅದೂ ನಡೆದದ್ದು ಇದೇ ರಸ್ತೆಯಲ್ಲಿ. 2016ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆಗೆ ಸಿದ್ಧವಾಯಿತು. ಅಂದಾಜು ವೆಚ್ಚ 1,791 ಕೋಟಿ ರೂಪಾಯಿ, ಕಡಿಯಬೇಕಾದ ಮರಗಳು 812. ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ಬಂದ ಉತ್ತರಗಳು ಮುನ್ನೂರರ ಆಸುಪಾಸು, ಅವುಗಳಲ್ಲಿ ಹೆಚ್ಚಿನವು ಪರವಾಗಿವೆ ಎಂದು ಪ್ರಾಧಿಕಾರ ಸಮಾಧಾನಪಟ್ಟುಕೊಂಡಿತು. ಕೋಟಿ ಸಮೀಪಿಸಿದ ಜನಸಂಖ್ಯೆಯ ನಗರದಲ್ಲಿ ಮುನ್ನೂರು ಉತ್ತರವೆಂದರೆ ಜನ ಒಪ್ಪಿದ್ದಾರೆಂದಲ್ಲ, ಜನರಿಗೆ ಗೊತ್ತೇ ಆಗಿಲ್ಲ ಎಂದು. ಗೊತ್ತಾದ ಮೇಲೆ, ಅಕ್ಟೋಬರ್ 16ರ ಭಾನುವಾರ, ‘ಉಕ್ಕಿನ ಸೇತುವೆ ಬೇಡ’ ಎಂದು ಸಾವಿರಾರು ಜನ ಅದೇ ರಸ್ತೆಯ ಉದ್ದಕ್ಕೂ ಕೈಕೈ ಹಿಡಿದು ನಿಂತರು. ಅದೇ ತಿಂಗಳು ಹಸಿರು ನ್ಯಾಯಮಂಡಳಿ ತಡೆ ಕೊಟ್ಟಿತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ನಿನ್ನೆ ನಾಲ್ಕನೇ ಮನೆಯಲ್ಲಿದ್ದವರು ಕೆಲವೇ ವಾರಗಳಲ್ಲಿ ಮೊದಲ ಮನೆಗೆ ನಡೆದುಬಂದಿದ್ದರು.

ಹಾಗಾಗಿ ಚೌಕವನ್ನು ಒಮ್ಮೆ ಬರೆದು ಕಡತಕ್ಕೆ ಸೇರಿಸುವುದರಲ್ಲಿ ಅರ್ಥವಿಲ್ಲ. ನಕ್ಷೆ ಬದಲಾದಾಗ, ಅಧಿಸೂಚನೆ ಹೊರಟಾಗ, ಮೊದಲ ಮರಕ್ಕೆ ಸಂಖ್ಯೆ ಬರೆದಾಗ ಅದನ್ನು ಮತ್ತೆ ಬರೆಯಬೇಕು. ಕರ್ನಾಟಕದ ಮರ ಸಂರಕ್ಷಣಾ ಕಾಯ್ದೆಯಡಿ ಒಂದೇ ಯೋಜನೆಗೆ 50ಕ್ಕಿಂತ ಹೆಚ್ಚು ಮರ ಕಡಿಯಬೇಕಾದರೆ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕರೆಯಬೇಕು. ಆ ಪ್ರಕಟಣೆ ಹೊರಬಿದ್ದ ದಿನವೇ ನಡಿಗೆಗೆ ಬರುವವರು, ಶಾಲೆಯ ಪೋಷಕರು, ಬಡಾವಣೆಯ ನಿವಾಸಿ ಸಂಘಗಳು ಜಾಗ ಬದಲಿಸುತ್ತಾರೆ.

ಇನ್ನು ಅಧೀನರು. ಅರಮನೆಯ ಕಾಂಪೌಂಡಿನ ಪಕ್ಕ ಈ ಮನೆ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ, ಅಂಗಡಿ ಸಾಲಿನ ಯಾವುದೇ ಹಳೆಯ ಪೇಟೆ ಬೀದಿಗೆ ಹೋದರೆ ಬೀಳುತ್ತದೆ. ಅಂಥ ಬೀದಿಯ 12 ಅಡಿ ಆಳದ ಒಂದು ಅಂಗಡಿಯನ್ನು ಊಹಿಸಿಕೊಳ್ಳಿ. ಸರ್ವೆಯವರು ಬಂದು ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿದ್ದಾರೆ, ಬೀದಿಯಿಂದ 7 ಅಡಿ ಒಳಕ್ಕೆ. ಉಳಿಯುವುದು 5 ಅಡಿ. ಕಟ್ಟಡದ ಮಾಲೀಕರು ಜಯನಗರದಲ್ಲೋ ಮೈಸೂರಿನಲ್ಲೋ ಇದ್ದಾರೆ, ಅವರಿಗೆ ಟಿಡಿಆರ್ ಸಿಗುತ್ತದೆ. ಒಳಗೆ ಇಪ್ಪತ್ತು ವರ್ಷದಿಂದ ಬಟ್ಟೆ ಹೊಲಿಯುತ್ತಿರುವ ಬಾಡಿಗೆದಾರನಿಗೆ ಅದರಲ್ಲಿ ಬಿಡಿಗಾಸೂ ಇಲ್ಲ. ಕೊಟ್ಟ ಮುಂಗಡ ವಾಪಸು ಬಂದರೆ ಅದೇ ಪುಣ್ಯ. ಅವನ ಕೈಕೆಳಗೆ ಗುಂಡಿ ಹೊಲಿಯುವ ಹುಡುಗನ ಹೆಸರು ಯಾವ ಕಾಗದದಲ್ಲೂ ಬರುವುದಿಲ್ಲ. ಅಂಗಡಿಯ ಮುಂದೆ ಬುಟ್ಟಿ ಇಟ್ಟು ಹೂ ಮಾರುವ ಅಮ್ಮನ ಪಾಲಿಗೆ ಪಾದಚಾರಿ ಮಾರ್ಗವೇ ಇಲ್ಲವಾಗುತ್ತದೆ. ಒಂದೇ ಬಾಗಿಲಿನಲ್ಲಿ ನಾಲ್ಕು ಜನ, ಬಲ ಒಬ್ಬರಿಗೆ ಮಾತ್ರ. ಪಾಲಿಕೆಯ ಪಟ್ಟಿಯಲ್ಲಿ ಮಾತ್ರ ಇವರೆಲ್ಲ ಸೇರಿ ‘ಒಂದು ಸ್ವತ್ತು’.

ಬಲವಿಲ್ಲದವರಿಗೆ ಮಾಹಿತಿ ಕೊಟ್ಟರಾಯಿತು ಎಂಬ ಪಠ್ಯಪುಸ್ತಕದ ಸೂತ್ರ ಸೋಲುವುದು ಇಲ್ಲೇ. ಚೌಕ ಅಳೆಯುವುದು ತಾಕತ್ತನ್ನು, ಹಕ್ಕನ್ನಲ್ಲ. 1997ರಲ್ಲೇ ಮಿಚೆಲ್, ಏಗಲ್ ಮತ್ತು ವುಡ್ ಎಂಬ ಮೂವರು ಸಂಶೋಧಕರು ಬಲದ ಜೊತೆಗೆ ನ್ಯಾಯಬದ್ಧತೆ ಮತ್ತು ತುರ್ತನ್ನೂ ನೋಡಬೇಕೆಂದು ವಾದಿಸಿದ್ದರು. ನಮ್ಮ ಕಾನೂನುಗಳೂ ಅದನ್ನೇ ಹೇಳುತ್ತವೆ. 2013ರ ಭೂಸ್ವಾಧೀನ ಕಾಯ್ದೆಯ ‘ಬಾಧಿತ ಕುಟುಂಬ’ ಎಂಬ ವ್ಯಾಖ್ಯೆಯಲ್ಲಿ ಮಾಲೀಕರಷ್ಟೇ ಅಲ್ಲ, ಮೂರು ವರ್ಷ ಅಲ್ಲೇ ದುಡಿದು ಬದುಕಿದವರೂ ಬರುತ್ತಾರೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಸಮೀಕ್ಷೆ ಮುಗಿಯುವ ತನಕ ಎತ್ತಂಗಡಿ ಕೂಡದೆನ್ನುತ್ತದೆ, ಸ್ಥಳಾಂತರಕ್ಕೆ 30 ದಿನಗಳ ನೋಟಿಸ್ ಬೇಕೆನ್ನುತ್ತದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಆದರೆ ಟಿಡಿಆರ್ ದಾರಿಯಲ್ಲಿ ಜಾಗ ‘ಸ್ವಇಚ್ಛೆಯಿಂದ’ ಬಂದದ್ದಾಗುತ್ತದೆ, ಸ್ವಾಧೀನ ಎನಿಸಿಕೊಳ್ಳುವುದಿಲ್ಲ. ಭೂಸ್ವಾಧೀನ ಕಾಯ್ದೆಯ ಸಾಮಾಜಿಕ ಪರಿಣಾಮದ ಅಧ್ಯಯನವೂ, ಅದರ ಜೊತೆಗೆ ಬಾಡಿಗೆದಾರನ ಹೆಸರೂ ಸದ್ದಿಲ್ಲದೆ ಜಾರಿಹೋಗುತ್ತವೆ. ಟಿಡಿಆರ್‌ನ ದೊಡ್ಡ ದೋಷ ಇದು.

ಇದನ್ನು ಸರಿಪಡಿಸುವ ಕೆಲಸ ಕಷ್ಟದ್ದೂ ಅಲ್ಲ, ದುಬಾರಿಯೂ ಅಲ್ಲ. ಜಂಟಿ ಅಳತೆಯ ದಿನ ಮಾಲೀಕರ ಹೆಸರಿನ ಪಕ್ಕದಲ್ಲೇ ಬಾಡಿಗೆದಾರ, ಕೆಲಸದವ, ಮುಂದಿನ ವ್ಯಾಪಾರಿ ಎಂದು ಇನ್ನೂ ಮೂರು ಅಂಕಣ ತೆರೆದರೆ ಅಧೀನರ ಮನೆಯ ಪಟ್ಟಿ ತಾನಾಗಿ ಸಿದ್ಧ. ಅಂಗಡಿ ಬಾಗಿಲು ತೆರೆದಿರುವ ಹೊತ್ತಿನಲ್ಲಿ ಅದೇ ಬೀದಿಯಲ್ಲಿ ಸಭೆ ಕರೆಯಬೇಕು. ಪಾಲಿಕೆ ಕಚೇರಿಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ವ್ಯಾಪಾರ ಬಿಟ್ಟು ಬರುವವರು ಯಾರು? ಸಭೆಯಲ್ಲಿ ಕೇಳಿಬಂದ ಆಕ್ಷೇಪಣೆಗೆ ನಕ್ಷೆಯಲ್ಲಿ ಏನು ಬದಲಾಯಿತೆಂದು ಬರಹದಲ್ಲಿ ಉತ್ತರ ಬರಬೇಕು. ಏನೂ ಬದಲಾಗದಿದ್ದರೆ ಅದು ಸಮಾಲೋಚನೆಯಲ್ಲ, ಪ್ರಕಟಣೆ.

ಚೌಕವನ್ನು ಪ್ರಾಮಾಣಿಕವಾಗಿ ಬರೆದಿದ್ದಾರೋ, ಗುತ್ತಿಗೆ ಕೊಟ್ಟ ಮೇಲೆ ಕಡತಕ್ಕೆಂದು ತುಂಬಿದ್ದಾರೋ ಎಂದು ಹೊರಗಿನವರೂ ಪತ್ತೆ ಹಚ್ಚಬಹುದು. ಗೋಡೆಯ ಕೆಂಪು ಗುರುತು ಮೊದಲು ಬಂದು ಪತ್ರ ಆಮೇಲೆ ಬಂದಿದ್ದರೆ, ಸಭೆಯ ದಿನಾಂಕ ಟೆಂಡರಿನ ದಿನಾಂಕದ ನಂತರದ್ದಾಗಿದ್ದರೆ, ಪಟ್ಟಿಯಲ್ಲಿ ‘ಸಾರ್ವಜನಿಕರು’ ಎಂಬ ಒಂದೇ ಸಾಲಿನಲ್ಲಿ ಎಲ್ಲರನ್ನೂ ಮುಗಿಸಿದ್ದರೆ ಅದು ಆಮೇಲೆ ತುಂಬಿದ್ದೇ.

ನಿಮ್ಮ ಬೀದಿಯ ಗೋಡೆಗಳ ಮೇಲೂ ಇಂಥ ಗುರುತು ಕಾಣಿಸಿಕೊಂಡರೆ ಮೂರು ಪ್ರಶ್ನೆಗಳನ್ನು ಬರಹದಲ್ಲಿ ಕೇಳಿ. ಜಾಗ ಪಡೆಯುತ್ತಿರುವುದು ಯಾವ ಕಾಯ್ದೆಯ ಯಾವ ಕಲಮಿನಡಿ? ಜಂಟಿ ಅಳತೆಯ ಪ್ರತಿ ಎಲ್ಲಿ ಸಿಗುತ್ತದೆ? ಅದರಲ್ಲಿ ಬಾಡಿಗೆದಾರರ ಮತ್ತು ಬೀದಿ ವ್ಯಾಪಾರಿಗಳ ಹೆಸರಿದೆಯೇ? ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. 30 ದಿನಗಳೊಳಗೆ ಉತ್ತರ ಕೊಡುವುದು ಕಚೇರಿಯ ಕರ್ತವ್ಯ.