ಎರಡು ವಾರವಾದರೂ ಉತ್ತರ ಬಾರದಿದ್ದರೆ

ಸಂದರ್ಶನದ ಬಳಿಕ ಎರಡು ವಾರ ಸುದ್ದಿಯಿಲ್ಲವೆಂದರೆ ಕೆಲಸ ತಪ್ಪಿತು ಎಂದೇ ಅರ್ಥವಲ್ಲ. ಮೇಲಧಿಕಾರಿಯ ಒಪ್ಪಿಗೆ ಬಾಕಿಯಿರಬಹುದು, ಮೊದಲು ಆಯ್ಕೆಯಾದವರ ಉತ್ತರಕ್ಕೆ ಕಂಪನಿ ಕಾಯುತ್ತಿರಬಹುದು. ಆಗ ಒಂದು ಚಿಕ್ಕ ಇಮೇಲ್ ಬರೆದು ವಿಚಾರಿಸಬಹುದು.

ಬಿ.ಕಾಂ. ಮುಗಿಸಿದ ನನ್ನ ತಂಗಿ ಜೂನ್ 2ರಂದು ಮಂಗಳೂರಿನ ಕಂಪನಿಯೊಂದರಲ್ಲಿ ಅಕೌಂಟ್ಸ್ ಸಹಾಯಕಿ ಹುದ್ದೆಗೆ ಸಂದರ್ಶನ ಕೊಟ್ಟಿದ್ದಳು. ಕುಂದಾಪುರದ ಕಚೇರಿಯೊಂದು ಅವಳನ್ನು ಕರೆದಿತ್ತು; ಅವರಿಗೆ ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕಿತ್ತು. ಹಾಗಾಗಿ 16ರಂದು ನಾವಿಬ್ಬರೂ ಕುಳಿತು ಮಂಗಳೂರಿಗೆ ಬರೆದೆವು.

ಹೊಸ ಇಮೇಲ್ ತೆರೆಯದೆ, ಸಂದರ್ಶನಕ್ಕೆ ಕರೆದಿದ್ದ ಇಮೇಲಿಗೇ ರಿಪ್ಲೈ ಒತ್ತಿದೆವು. ಹೀಗೆ ಮಾಡಿದರೆ ವಿಷಯದ ಸಾಲು Re: ಸೇರಿ ಹಾಗೆಯೇ ಉಳಿಯುತ್ತದೆ, ಕೆಳಗೆ ಹಳೆಯ ಪತ್ರವೂ ಇರುತ್ತದೆ. ನೂರಾರು ಅರ್ಜಿ ನೋಡುವವರು ನಮ್ಮನ್ನು ಹುಡುಕಬೇಕಾಗಿಲ್ಲ. ಆದರೆ ರಿಪ್ಲೈಯಲ್ಲಿ ಹಳೆಯ ಫೈಲುಗಳು ಹೋಗುವುದಿಲ್ಲ. ಬಯೋಡೇಟಾ ಮತ್ತೆ ಸೇರಿಸಬೇಕು.

ಬರೆದದ್ದು ಇಷ್ಟೇ:

“ಮಾನ್ಯರೇ, ಜೂನ್ 2ರಂದು ಅಕೌಂಟ್ಸ್ ಸಹಾಯಕಿ ಹುದ್ದೆಯ ಸಂದರ್ಶನಕ್ಕೆ ಅವಕಾಶ ಕೊಟ್ಟಿದ್ದಕ್ಕೆ ಧನ್ಯವಾದಗಳು. ಈ ಕೆಲಸದಲ್ಲಿ ನನಗೆ ಈಗಲೂ ಆಸಕ್ತಿಯಿದೆ. ಇನ್ನೊಂದು ಕಡೆಗೆ ಜೂನ್ 30ರೊಳಗೆ ಉತ್ತರ ಕೊಡಬೇಕಿದೆ. ತಮ್ಮ ತೀರ್ಮಾನ ಯಾವಾಗ ತಿಳಿಯಬಹುದು?”

ಕೆಳಗೆ ಹೆಸರು, ಮೊಬೈಲ್ ನಂಬರ್.

“ಯಾಕೆ ಉತ್ತರಿಸಲಿಲ್ಲ?” ಎಂದರೆ ಅವರು ಸಮಜಾಯಿಷಿ ಕೊಡಬೇಕಾಗುತ್ತದೆ. “ಯಾವಾಗ?” ಎಂದರೆ ಒಂದೇ ಸಾಲು ಸಾಕು. ಇನ್ನೊಂದು ಕೆಲಸದ ಮಾತನ್ನು ಅದು ನಿಜವಿದ್ದರೆ ಮಾತ್ರ ಬರೆಯಬೇಕು.

ಮೂರನೇ ದಿನ ಉತ್ತರ ಬಂತು: ಹುದ್ದೆ ಭರ್ತಿಯಾಗಿದೆ. ತಂಗಿ ಅಂದೇ ಕುಂದಾಪುರದ ಕಚೇರಿಗೆ ಒಪ್ಪಿಗೆ ತಿಳಿಸಿದಳು. ಉತ್ತರ ಬಾರದಿದ್ದರೆ ವಾರ ಬಿಟ್ಟು ಇನ್ನೊಮ್ಮೆ ಬರೆಯಬಹುದು. ಆಮೇಲೆ ಬೇರೆ ಕಡೆ ನೋಡುವುದೇ ಸರಿ.