ನೋವು ಶೌಚದ ಹೊತ್ತಿಗೆ ಮಾತ್ರವೋ, ದಿನವಿಡೀಯೋ?

ಶೌಚಕ್ಕೆ ಕೂತಾಗ ಗುದದ್ವಾರದ ಬಳಿ ತಡೆಯಲಾರದ ನೋವು ಬಂದರೆ ನಮ್ಮಲ್ಲಿ ಹೆಚ್ಚಿನವರು ಅದನ್ನು ಪೈಲ್ಸ್ ಎಂದೇ ತೀರ್ಮಾನಿಸಿಬಿಡುತ್ತಾರೆ. ಹೇಳಿಕೊಳ್ಳಲು ಸಂಕೋಚದ ಜಾಗ. ಹಾಗಾಗಿ ಮೆಡಿಕಲ್ ಶಾಪಿನಲ್ಲಿ ದನಿ ತಗ್ಗಿಸಿ ಪೈಲ್ಸಿನ ಮುಲಾಮು ಕೇಳಿ ತರುತ್ತಾರೆ. ಆದರೆ ಒಳಗಿನ ಮೂಲವ್ಯಾಧಿಯಲ್ಲಿ ರಕ್ತ ಹೋಗುವುದುಂಟು, ನೋವು ಸಾಮಾನ್ಯವಾಗಿ ಅಷ್ಟಿರುವುದಿಲ್ಲ. ಜೀವ ಹಿಂಡುವ ನೋವಿದ್ದರೆ ಮೊದಲು ನೆನೆಯಬೇಕಾದವುಗಳಲ್ಲಿ ಎರಡು ಮುಖ್ಯ. ಒಂದು ಫಿಶರ್, ಅಂದರೆ ಗುದದ್ವಾರದ ತೆಳು ಚರ್ಮದಲ್ಲಿ ಬಿದ್ದ ಸೀಳು. ಇನ್ನೊಂದು ಗುದದ್ವಾರದ ಪಕ್ಕದಲ್ಲಿ ಕೀವು ತುಂಬಿಕೊಳ್ಳುವ ಕುರು. ಮೊದಲನೆಯದು ಬಹಳ ಸಲ ಮನೆಯ ಆರೈಕೆಯಲ್ಲೇ ವಾಸಿಯಾಗುತ್ತದೆ. ಎರಡನೆಯದಕ್ಕೆ ತಡಮಾಡದೆ ಕೀವು ತೆಗೆಸುವುದೇ ಚಿಕಿತ್ಸೆ. ಅದಕ್ಕೇ ಇವೆರಡನ್ನು ಬೇರೆ ಮಾಡಿ ನೋಡುವುದು ಇಷ್ಟು ಮುಖ್ಯ.

ಬೇರೆ ಮಾಡಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಒಂದು ಸಲ ಶೌಚಕ್ಕೆ ಹೋಗಿ ಬಂದ ಮೇಲೆ, ಮತ್ತೆ ಹೋಗುವ ತನಕ ನೋವು ಏನು ಮಾಡುತ್ತದೆ?

ಲಾರಿ ಓಡಿಸುವ, ನಲವತ್ತು ದಾಟಿದ, ಸಕ್ಕರೆ ಕಾಯಿಲೆ ಇರುವ ಒಬ್ಬರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ದಾರಿಯಲ್ಲಿ ಮೂತ್ರಕ್ಕೆ ಇಳಿಯಬೇಕಾಗುತ್ತದೆಂದು ನೀರು ಕುಡಿಯುವುದು ಕಡಿಮೆ, ಸಿಕ್ಕಿದ ಕಡೆ ಪರೋಟ, ಶೌಚ ಬಂದರೂ ತಡೆದುಕೊಳ್ಳುವುದು. ಒಂದು ದಿನ ಗಟ್ಟಿಯಾದ ಮಲ ತಿಣುಕಿ ಹೋದಾಗ ಗಾಜಿನ ಚೂರು ಕೊಯ್ದುಕೊಂಡು ಹೋದಂತಾಯಿತು. ಮಲದ ಮೇಲೆ ಕೆಂಪು ರಕ್ತದ ಒಂದು ಗೆರೆ. ಶೌಚ ಮುಗಿದ ಮೇಲೂ ಒಂದೆರಡು ಗಂಟೆ ಉರಿ, ಹಿಂಡಿದಂಥ ಸಂಕಟ. ಆಮೇಲೆ ಏನೂ ಇಲ್ಲ. ಊಟ ಮಾಡಿದರು, ಲಾರಿ ಓಡಿಸಿದರು, ನಿದ್ದೆ ಮಾಡಿದರು. ಮರುದಿನ ಬೆಳಿಗ್ಗೆ ಮತ್ತೆ ಅದೇ ಗಾಜಿನ ಚೂರು.

ಇದು ಫಿಶರಿನ ನಡೆ. ಸೀಳು ಹೆಚ್ಚಾಗಿ ಗುದದ್ವಾರದ ಹಿಂಭಾಗದಲ್ಲಿ, ಬೆನ್ನೆಲುಬಿನ ನೇರಕ್ಕೆ ಬೀಳುತ್ತದೆ. ಹೆಂಗಸರಲ್ಲಿ, ಅದರಲ್ಲೂ ಹೆರಿಗೆಯಾದ ಮೇಲೆ, ಮುಂಭಾಗದಲ್ಲೂ ಬೀಳುವುದುಂಟು. ನೋವಿಗೆ ಒಳಗಿನ ಬಿಗಿ ಸ್ನಾಯು ಸೆಟೆದುಕೊಳ್ಳುತ್ತದೆ. ಸೆಟೆದಾಗ ಆ ಜಾಗಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ, ರಕ್ತವಿಲ್ಲದೆ ಗಾಯ ಮಾಯುವುದಿಲ್ಲ. ನೋವಿಗೆ ಹೆದರಿ ಶೌಚ ತಡೆದರೆ ಮಲ ಇನ್ನಷ್ಟು ಗಟ್ಟಿಯಾಗಿ ಗಾಯವನ್ನು ಮತ್ತೆ ಸೀಳುತ್ತದೆ. ಹಾಗಾಗಿ ಚಿಕಿತ್ಸೆಯ ಗುರಿ ಎರಡೇ, ಮಲ ಮೆತ್ತಗಾಗಬೇಕು, ಸ್ನಾಯು ಸಡಿಲಾಗಬೇಕು.

ನಮ್ಮ ಚಾಲಕರಿಗೆ ವೈದ್ಯರು ಹೇಳಿದ್ದೂ ಇದನ್ನೇ. ರಾತ್ರಿ ಇಸಬ್‌ಗೋಲ್, ಅದರ ಜೊತೆ ಸಾಕಷ್ಟು ನೀರು, ಊಟದಲ್ಲಿ ಸೊಪ್ಪು, ಕಾಳು, ಸಿಪ್ಪೆ ಸಹಿತ ತಿನ್ನುವ ಹಣ್ಣು. ನೀರು ಕುಡಿಯದೆ ಇಸಬ್‌ಗೋಲ್ ಮಾತ್ರ ತಿಂದರೆ ಹೊಟ್ಟೆ ಕಟ್ಟುತ್ತದೆ, ಇದನ್ನು ಎಷ್ಟೋ ಜನ ಮರೆಯುತ್ತಾರೆ. ಶೌಚದ ನಂತರ ಅಗಲವಾದ ಟಬ್ಬಿನಲ್ಲಿ ಬೆಚ್ಚಗಿನ ನೀರು ಹಾಕಿ 10–15 ನಿಮಿಷ ಕೂರಬೇಕು. ಡೆಟಾಲ್ ಬೇಡ, ಬರಿಯ ನೀರು ಸಾಕು. ಹಚ್ಚಲು ಡಿಲ್ಟಿಯಾಜೆಮ್ ಮುಲಾಮು. ಇದು ಮರಗಟ್ಟಿಸುವ ಔಷಧವಲ್ಲ, ಸ್ನಾಯುವನ್ನು ಸಡಿಲಿಸುವುದು ಇದರ ಕೆಲಸ. ಆದ್ದರಿಂದ ನಾಲ್ಕು ದಿನಕ್ಕೆ ನೋವು ಇಳಿಯಿತೆಂದು ಬಿಡಬಾರದು, ಆರರಿಂದ ಎಂಟು ವಾರ ಹಚ್ಚಬೇಕು. ಅಷ್ಟಾದರೂ ಮಾಯದಿದ್ದರೆ ಬೊಟಾಕ್ಸ್ ಚುಚ್ಚುಮದ್ದು ಅಥವಾ ಸ್ನಾಯುವನ್ನು ಸ್ವಲ್ಪ ಕತ್ತರಿಸುವ ಶಸ್ತ್ರಚಿಕಿತ್ಸೆ ಇದೆ. ಹಳೆಯ ಫಿಶರಿನ ಅಂಚಿನಲ್ಲಿ ಬೆಳೆಯುವ ಸಣ್ಣ ಚರ್ಮದ ತುಣುಕನ್ನು ಬೆರಳಿಗೆ ಸಿಕ್ಕ ಪೈಲ್ಸ್ ಎಂದುಕೊಳ್ಳುವವರು ಬಹಳ ಮಂದಿ.

ಅವರಿಗೆ ವಾಸಿಯಾಯಿತು. ಆರು ತಿಂಗಳ ಮೇಲೆ ಅದೇ ಜಾಗದಲ್ಲಿ ಮತ್ತೆ ನೋವು ಶುರುವಾಯಿತು. ಲಾರಿಯಲ್ಲಿ ಉಳಿದಿದ್ದ ಹಳೇ ಟ್ಯೂಬನ್ನೇ ಹಚ್ಚಿದರು. ಶೌಚಕ್ಕೆ ಹೋದಾಗ ನೋಯುತ್ತಿದ್ದುದು ನಿಜ, ಆದರೆ ಈ ಸಲ ನೋವು ಆಮೇಲೆ ಬಿಡಲಿಲ್ಲ. ಮೊದಲ ದಿನ ಮಂದವಾಗಿತ್ತು, ಎರಡನೆಯ ದಿನ ನಾಡಿ ಬಡಿದ ಹಾಗೆ ಮಿಡಿಯತೊಡಗಿತು, ಮೂರನೆಯ ದಿನ ಸೀಟಿನಲ್ಲಿ ಒಂದು ಮಗ್ಗುಲಿಗೆ ಒರಗಿಯೇ ಕೂರಬೇಕಾಯಿತು. ಕೆಮ್ಮಿದರೂ ನೋವು. ರಕ್ತವಿಲ್ಲ, ಮಲವೂ ಗಟ್ಟಿಯಾಗಿರಲಿಲ್ಲ. ಮುಟ್ಟಿದರೆ ಗುದದ್ವಾರದ ಪಕ್ಕದಲ್ಲಿ ಬಿಸಿಯಾದ, ಗಟ್ಟಿಯಾದ ಊತ. ರಾತ್ರಿ ಚಳಿ ಬಂದು ಮೈ ಸುಟ್ಟಿತು.

ಇಲ್ಲಿ ಸೀಳು ಇಲ್ಲ, ಕೀವು ಇದೆ. ಗುದನಾಳದ ಒಳಗೆ ಸುತ್ತಲೂ ಸಣ್ಣ ಗ್ರಂಥಿಗಳಿವೆ. ಅವುಗಳ ಬಾಯಿ ಕಟ್ಟಿಕೊಂಡರೆ ಒಳಗೆ ಸೋಂಕಾಗಿ, ಕೀವು ಸ್ನಾಯುಗಳ ನಡುವಿನ ಸಂದಿಯಲ್ಲಿ ಇಳಿದು ಚರ್ಮದ ಕಡೆಗೆ ಬರುತ್ತದೆ. ಮುಚ್ಚಿದ ಜಾಗದಲ್ಲಿ ಒತ್ತಡ ಗಂಟೆಗಂಟೆಗೆ ಏರುತ್ತದೆ, ಅದಕ್ಕೇ ನೋವಿಗೆ ಬಿಡುವಿಲ್ಲ. ಬಿಸಿನೀರು, ಮುಲಾಮು, ಇಸಬ್‌ಗೋಲ್ ಯಾವುದೂ ಆ ಒತ್ತಡ ಇಳಿಸುವುದಿಲ್ಲ. ಆಂಟಿಬಯೋಟಿಕ್ ಮಾತ್ರೆಯಷ್ಟರಿಂದಲೂ ಆಗುವುದಿಲ್ಲ, ಕಟ್ಟಿಕೊಂಡ ಕೀವಿನೊಳಕ್ಕೆ ಔಷಧ ಸರಿಯಾಗಿ ಹೋಗುವುದೇ ಇಲ್ಲ. ಕೊಯ್ದು ಕೀವು ಹೊರಗೆ ಬಿಡಬೇಕು.

ಕುರು ಹಣ್ಣಾಗಲಿ, ತಾನೇ ಒಡೆಯಲಿ ಎಂದು ಕಾಯುವುದು, ಬಿಸಿ ಪಟ್ಟು ಕಟ್ಟುವುದು, ಹಿಂಡುವುದು ನಮ್ಮ ಮನೆಗಳಲ್ಲಿ ರೂಢಿ. ತೊಡೆಯ ಮೇಲಿನ ಸಣ್ಣ ಕುರುವಿನ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ಇಲ್ಲಿ ಕೀವು ಹೊರಗೆ ಬರುವ ಬದಲು ಆಳಕ್ಕೆ, ಇನ್ನೊಂದು ಮಗ್ಗುಲಿಗೂ ಹರಡಬಹುದು. ಸಕ್ಕರೆ ಕಾಯಿಲೆ ಇರುವವರಿಗೆ, ಸ್ಟೀರಾಯ್ಡ್ ಅಥವಾ ಕ್ಯಾನ್ಸರಿನ ಔಷಧ ತೆಗೆದುಕೊಳ್ಳುವವರಿಗೆ ಅಪಾಯ ಹೆಚ್ಚು, ಅವರಲ್ಲಿ ಕೆಲವರಿಗೆ ಜ್ವರವೂ ಬರುವುದಿಲ್ಲ. ಚರ್ಮ ಕಪ್ಪಾಗುವುದು, ಊತ ವೃಷಣದ ಕಡೆಗೆ ಹಬ್ಬುವುದು, ಮೂತ್ರ ಕಟ್ಟುವುದು ಕಂಡರೆ ರಾತ್ರಿಯಾದರೂ ತುರ್ತು ವಿಭಾಗಕ್ಕೆ ಹೋಗಲೇಬೇಕು.

ಎಲ್ಲಕ್ಕಿಂತ ಮೋಸಗೊಳಿಸುವುದು ಎರಡು ಸ್ನಾಯುಗಳ ನಡುವೆಯೇ ಉಳಿದುಬಿಡುವ ಕೀವು. ಹೊರಗೆ ಊತವಿಲ್ಲ, ಕೆಂಪಿಲ್ಲ. ಶೌಚದಲ್ಲಿ ವಿಪರೀತ ನೋವು ಮಾತ್ರ. ನೋಡಿದವರು ಫಿಶರ್ ಎಂದೇ ಚೀಟಿ ಬರೆದುಕೊಡುವ ಸಾಧ್ಯತೆ ಇದೆ. ಆದರೆ ಚರ್ಮವನ್ನು ಮೆಲ್ಲಗೆ ಬಿಡಿಸಿ ನೋಡಿದರೆ ಸೀಳು ಕಾಣುವುದಿಲ್ಲ, ನೋವೂ ಶೌಚದ ಮಧ್ಯದ ಹೊತ್ತಿನಲ್ಲಿ ನಿಲ್ಲುವುದಿಲ್ಲ. ಸೀಳು ಕಾಣದೆ ಫಿಶರ್ ಎಂದು ಔಷಧ ಕೊಟ್ಟಿದ್ದರೆ, ಎರಡು ದಿನದಲ್ಲಿ ನೋವು ಇಳಿಯುವ ಬದಲು ಏರುತ್ತಿದ್ದರೆ, ಸರ್ಜನ್ ಬಳಿ ಹೋಗಿ ಇದನ್ನು ಹೀಗೆಯೇ ಹೇಳಬೇಕು. ನೋವಿನಿಂದ ಬೆರಳು ಹಾಕಿ ಪರೀಕ್ಷಿಸಲು ಆಗದಿದ್ದರೆ ಅರಿವಳಿಕೆ ಕೊಟ್ಟು ನೋಡುತ್ತಾರೆ, ಇಲ್ಲವೇ ಎಂಆರ್‌ಐ ಮಾಡಿಸುತ್ತಾರೆ.

ಚಾಲಕರಿಗೆ ಅಂದೇ ಅರಿವಳಿಕೆ ಕೊಟ್ಟು ಕೀವು ತೆಗೆದರು. ಎಚ್ಚರವಾದಾಗ ಗಾಯದ ಉರಿ ಇತ್ತು, ಆ ಮಿಡಿತ ಇರಲಿಲ್ಲ. ಗಾಯಕ್ಕೆ ಹೊಲಿಗೆ ಹಾಕಲಿಲ್ಲ. ಬಾಯಿ ಮುಚ್ಚಿದರೆ ಒಳಗೆ ಮತ್ತೆ ಕೀವು ನಿಲ್ಲುತ್ತದೆ, ಆದ್ದರಿಂದ ತಳದಿಂದ ಮೇಲಕ್ಕೆ ತುಂಬಿಕೊಂಡು ಬರಲು ಬಿಡುತ್ತಾರೆ. ಇದಕ್ಕೆ ಕೆಲವು ವಾರ ಬೇಕು. ಸಕ್ಕರೆ ಇದ್ದುದರಿಂದ ಅವರಿಗೆ ಆಂಟಿಬಯೋಟಿಕ್ಕನ್ನೂ ಕೊಟ್ಟರು. ಟಬ್ಬಿನ ಬೆಚ್ಚಗಿನ ನೀರು ಈಗ ಉಪಯೋಗಕ್ಕೆ ಬಂತು, ಗಾಯ ಚೊಕ್ಕಟವಾಗಿರಲು.

ಇಲ್ಲಿಗೆ ಮುಗಿಯಿತು ಎನ್ನುವಂತಿಲ್ಲ. ಕುರು ಕೊಯ್ಸಿಕೊಂಡವರಲ್ಲಿ ಸರಿಸುಮಾರು ಮೂರರಲ್ಲೊಬ್ಬರಿಗೆ, ಕೆಲವು ಲೆಕ್ಕದಲ್ಲಿ ಅರ್ಧದಷ್ಟು ಮಂದಿಗೆ, ಮುಂದೆ ಫಿಸ್ಟುಲಾ ಆಗುತ್ತದೆ. ಭಗಂದರ ಎನ್ನುವುದು ಇದನ್ನೇ: ಒಳಗಿನ ಗ್ರಂಥಿಯಿಂದ ಹೊರಗಿನ ಚರ್ಮದ ತನಕ ಉಳಿದುಹೋಗುವ ಸಣ್ಣ ಸುರಂಗ. ಕುರು ತಾನೇ ಒಡೆದವರಿಗೂ ಇದು ತಪ್ಪಿದ್ದಲ್ಲ. ಎರಡು ಮೂರು ತಿಂಗಳಾದರೂ ಒಂದು ತೂತಿನಿಂದ ಒಳಉಡುಪಿಗೆ ಕೀವಿನ ಕಲೆ ಆಗುತ್ತಿದ್ದರೆ, ಅಥವಾ ಮುಚ್ಚಿದ ಗಾಯ ಅದೇ ಜಾಗದಲ್ಲಿ ಮತ್ತೆ ಊದಿ ಒಡೆಯುತ್ತಿದ್ದರೆ ಕೊಯ್ದ ಸರ್ಜನ್ ಬಳಿಗೇ ಹಿಂತಿರುಗಬೇಕು. ಸುರಂಗ ಬಿಗಿ ಸ್ನಾಯುವಿನ ಎಷ್ಟು ಭಾಗವನ್ನು ಹಾದುಹೋಗಿದೆ ಎಂದು ನೋಡಿದ ಮೇಲೆಯೇ ಅದನ್ನು ಸೀಳಬಹುದೋ, ದಾರ ಕಟ್ಟಿ ನಿಧಾನವಾಗಿ ಮಾಯಿಸಬೇಕೋ ಎಂದು ಅವರು ನಿರ್ಧರಿಸುತ್ತಾರೆ.